ಹುರುಳಿ ಸಾರಿನ ಮೇಲೆ ಹೊರಿಸಿದ ತಪ್ಪು

ಬೆಟ್ಟದಪುರದ ಸುತ್ತಿನ ಹಳ್ಳಿಗಳಲ್ಲಿ ಯಾರದಾದರೂ ಹೊಟ್ಟೆ ಕೆಟ್ಟರೆ ಮೊದಲು ತಪ್ಪು ಹೊರುವುದು ಹಿಂದಿನ ಹೊತ್ತಿನ ಊಟ. ಹುರುಳಿ ಸಾರು ಉಷ್ಣವಾಯಿತು, ಹಲಸಿನ ಹಣ್ಣು ಹೆಚ್ಚಾಯಿತು, ತಂಗಳು ಮುದ್ದೆ ತಿಂದದ್ದು ಆಗಿಬರಲಿಲ್ಲ ಎಂದು ಒಂದೊಂದೇ ಪದಾರ್ಥ ಅಡುಗೆಮನೆಯಿಂದ ಹೊರಬೀಳುತ್ತದೆ. ಹೀಗೆ ನಾಲ್ಕಾರು ವರ್ಷ ನಡೆದರೆ ತಿನ್ನುವ ಪಟ್ಟಿ ಕಿರಿದಾಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊಟ್ಟೆಯ ತೊಂದರೆ ಪದೇ ಪದೇ ಬರುವವರಿಗೆ ವೈದ್ಯರು ಕೆಲವೊಮ್ಮೆ ಒಂದು ತಿಂಗಳ ದಿನಚರಿ ಬರೆದು ತರಲು ಹೇಳುವುದುಂಟು: ಏನು ತಿಂದಿರಿ, ಎಷ್ಟು ನೀರು ಕುಡಿದಿರಿ, ಮಲ ಹೇಗಿತ್ತು, ಯಾವಾಗ ತೊಂದರೆಯಾಯಿತು. ಒಳ್ಳೆಯ ಕ್ರಮವೇ. ಆದರೆ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಸೀಮೆಯಲ್ಲಿ, ಅದರಲ್ಲೂ ಹೊಗೆಸೊಪ್ಪು ಕೀಳುವ ಜುಲೈನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ, ಈ ಪುಸ್ತಕದಲ್ಲಿ ಊಟದ ಪಕ್ಕಕ್ಕೆ ದುಡಿಮೆಯನ್ನೂ ಬರೆಯಲೇಬೇಕು ಎಂಬುದು ನನ್ನ ವಾದ. ಅದನ್ನು ಬಿಟ್ಟರೆ ಎಷ್ಟು ಶ್ರದ್ಧೆಯಿಂದ ಬರೆದರೂ ದಿನಚರಿ ತಪ್ಪು ದಾರಿ ತೋರಿಸುತ್ತದೆ, ನಿರಪರಾಧಿಯಾದ ಒಂದು ಸಾರನ್ನು ಸಾಕ್ಷಿ ಸಮೇತ ಅಪರಾಧಿ ಮಾಡಿಬಿಡುತ್ತದೆ.

ಹಿಂದಿನ ಊಟದ ಮೇಲೆ ಇಷ್ಟು ಬೇಗ ಅನುಮಾನ ಬೀಳಲು ದೇಹದಲ್ಲೇ ಒಂದು ಕಾರಣವಿದೆ. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ದೊಡ್ಡಕರುಳಿಗೆ ಚಾಲನೆ ಸಿಗುತ್ತದೆ. ಬೆಳಗಿನ ಕಾಫಿ ಕುಡಿದ ಸ್ವಲ್ಪ ಹೊತ್ತಿಗೆ ಹೊರಕ್ಕೆ ಹೋಗಬೇಕೆನಿಸುವುದು ಇದರಿಂದಲೇ. ಆದರೆ ಆಗ ಹೊರಬರುವುದು ಆ ಕಾಫಿಯೂ ಅಲ್ಲ, ಆ ತಿಂಡಿಯೂ ಅಲ್ಲ. ತಿಂದದ್ದು ಜಠರದಲ್ಲಿ ಕೆಲವು ಗಂಟೆ, ಸಣ್ಣಕರುಳಿನಲ್ಲಿ ಇನ್ನು ಕೆಲವು ಗಂಟೆ ಕಳೆದು ದೊಡ್ಡಕರುಳಿಗೆ ಇಳಿಯುತ್ತದೆ, ಅಲ್ಲಿ ಒಂದು ದಿನ, ಎರಡು ದಿನ, ಕೆಲವರಲ್ಲಿ ಅದಕ್ಕೂ ಹೆಚ್ಚು ನಿಲ್ಲುತ್ತದೆ. ಹಾಗಾಗಿ ಬುಧವಾರ ಬೆಳಿಗ್ಗೆ ಮಲ ಗಟ್ಟಿಯಾಗಿ ಬಂದರೆ ಅದರ ಕಾರಣ ಸೋಮವಾರದ ನೀರಡಿಕೆಯಲ್ಲಿರಬಹುದು. ಎಲ್ಲ ತೊಂದರೆಗೂ ಇದೇ ಅಂತರ ಎಂದೂ ಹೇಳುವಂತಿಲ್ಲ. ಹಾಲು ಅರಗದವರಿಗೆ ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು ಎನ್ನಲು ಶುರುವಾಗಬಹುದು. ಹುರುಳಿ, ಅಲಸಂದೆ, ತಡಗಣಿಯಂಥ ಕಾಳುಗಳಲ್ಲಿ ನಮ್ಮ ಕರುಳು ಅರಗಿಸಲಾಗದ ಒಂದು ಬಗೆಯ ಸಕ್ಕರೆ ಇದೆ. ಅದು ದೊಡ್ಡಕರುಳಿನ ಸೂಕ್ಷ್ಮಜೀವಿಗಳ ಬಾಯಿಗೆ ಸಿಕ್ಕಿ ಹುದುಗುವಷ್ಟರಲ್ಲಿ ಹಲವು ಗಂಟೆ ಕಳೆದಿರುತ್ತದೆ. ಆದ್ದರಿಂದ ಮಧ್ಯಾಹ್ನದ ಹುರುಳಿಯ ವಾಯು ಕಾಣಿಸಿಕೊಳ್ಳುವುದು ಸಂಜೆಗೋ ರಾತ್ರಿಗೋ. ದಿನಚರಿಯ ಪ್ರತಿ ಸಾಲಿಗೂ ಗಡಿಯಾರದ ಹೊತ್ತು ಬೇಕೆನ್ನುವುದು ಈ ಕಾರಣಕ್ಕೆ. ‘ಇವತ್ತು ಹೊಟ್ಟೆ ಸರಿ ಇರಲಿಲ್ಲ’ ಎಂದು ಬರೆದರೆ ಅದರಿಂದ ಯಾವ ಲೆಕ್ಕವೂ ಹುಟ್ಟುವುದಿಲ್ಲ.

ಮಲದ ಬಗ್ಗೆ ಬರೆಯುವಾಗ ಎಷ್ಟು ಸಲ ಎಂಬುದಕ್ಕಿಂತ ಯಾವ ರೂಪ ಎಂಬುದು ಹೆಚ್ಚು ಹೇಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರಾದ ಲೂಯಿಸ್ ಮತ್ತು ಹೀಟನ್ 1997ರಲ್ಲಿ ಪ್ರಕಟಿಸಿದ ಏಳು ರೂಪಗಳ ಅಳತೆಪಟ್ಟಿ ಇಂದು ಎಲ್ಲ ಕಡೆ ಬಳಕೆಯಲ್ಲಿದೆ. ಅವರು ಆರೋಗ್ಯವಂತರಿಗೆ ಭೇದಿಯ ಔಷಧಿಯನ್ನೂ ಭೇದಿ ನಿಲ್ಲಿಸುವ ಔಷಧಿಯನ್ನೂ ಕೊಟ್ಟು, ನುಂಗಿಸಿದ ಗುರುತುಗಳು ಕರುಳು ದಾಟಲು ಹಿಡಿದ ಹೊತ್ತನ್ನು ಅಳೆದರು. ಕರುಳಿನ ವೇಗ ಬದಲಾದಂತೆ ಮಲದ ರೂಪವೂ ಬದಲಾಗುವುದು ಕಂಡಿತು. ಒಂದನೆಯದು ಆಡಿನ ಹಿಕ್ಕೆಯಂತೆ ಬಿಡಿಬಿಡಿಯಾದ ಗಟ್ಟಿ ಉಂಡೆ, ಎರಡನೆಯದು ಆ ಉಂಡೆಗಳೇ ಒಂದಕ್ಕೊಂದು ಅಂಟಿದ ಗಂಟುಗಂಟು ತುಂಡು. ಮೂರು ಬಿರುಕು ಬಿಟ್ಟದ್ದು, ನಾಲ್ಕು ನುಣುಪಾಗಿ ಉದ್ದಕ್ಕೆ ಬರುವುದು, ಐದು ಮೆತ್ತಗಿನ ತುಂಡುಗಳು. ಆರು ಅಂಚು ಹರಿದ ಮುದ್ದೆಮುದ್ದೆ, ಏಳು ಬರೀ ನೀರು. ಪುಸ್ತಕದ ರಟ್ಟಿನ ಒಳಗೆ ಈ ಏಳನ್ನೂ ಒಮ್ಮೆ ಬರೆದಿಟ್ಟುಕೊಂಡರೆ ದಿನಾ ಬರೆಯಬೇಕಾದದ್ದು ಒಂದೇ ಅಂಕಿ. ಅದರ ಜೊತೆಗೆ ಹೊತ್ತು, ತಿಣುಕಬೇಕಾಯಿತೇ, ಪೂರ್ತಿ ಹೋದ ಹಾಗಾಯಿತೇ, ಹೊಟ್ಟೆನೋವು ಇತ್ತೇ, ಹೊರಕ್ಕೆ ಹೋದ ಮೇಲೆ ನೋವು ಇಳಿಯಿತೇ ಎಂಬುದಿದ್ದರೆ ಸಾಕು. ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಹೋದರೆ ಮಲಬದ್ಧತೆ ಎಂಬ ಪಾಶ್ಚಾತ್ಯ ಲೆಕ್ಕ ನಮ್ಮವರಿಗೆ ಅಷ್ಟಾಗಿ ಹೊಂದುವುದಿಲ್ಲ. ನಮ್ಮಲ್ಲಿ ಬಹುತೇಕರು ದಿನಕ್ಕೆ ಒಮ್ಮೆಯಾದರೂ ಹೋಗುತ್ತಾರೆ, ದಿನಾ ಹೋಗುತ್ತಲೇ ಒಂದನೆಯ, ಎರಡನೆಯ ರೂಪದಲ್ಲಿ ಒದ್ದಾಡುವವರೂ ಇದ್ದಾರೆ. ಎಷ್ಟು ಸಲ ಎಂಬುದನ್ನು ಮಾತ್ರ ಎಣಿಸಿದರೆ ಇಂಥವರ ತೊಂದರೆ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ.

ಊಟವನ್ನು ಗ್ರಾಂ ಲೆಕ್ಕದಲ್ಲಿ ಬರೆಯುವ ಅಗತ್ಯವಿಲ್ಲ. ಮುದ್ದೆ ಒಂದೋ ಎರಡೋ, ಅನ್ನ ಎಷ್ಟು, ಸಾರು ಸೊಪ್ಪಿನದೋ ಕಾಳಿನದೋ ಬಾಡಿನದೋ, ಹಾಲು ಮಜ್ಜಿಗೆ ಎಷ್ಟು ಲೋಟ, ಕಾಫಿ ಟೀ ಎಷ್ಟು ಸಲ ಎಂದಿದ್ದರೆ ಆಯಿತು. ಆದರೆ ಮುದ್ದೆ ಬಿಟ್ಟು ಅನ್ನ ಉಂಡ ದಿನಗಳನ್ನು ತಪ್ಪದೆ ಗುರುತಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಮದುವೆ, ತಿಥಿ ಎಂದು ಮೂರು ದಿನ ಹೊರಗಿನ ಅನ್ನ ಉಂಡ ಮೇಲೆ ಹೊಟ್ಟೆ ಕಟ್ಟಿದರೆ ಅದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಈ ವ್ಯತ್ಯಾಸವನ್ನು ನೋಡಬೇಕು. ನೀರಿಗೆ ಮನೆಯ ಒಂದು ಚೊಂಬು ಸಾಕು. ಅದಕ್ಕೆ ಎಷ್ಟು ಹಿಡಿಯುತ್ತದೆ ಎಂದು ಲೀಟರ್ ಬಾಟಲಿಯಿಂದ ಒಮ್ಮೆ ಅಳೆದಿಟ್ಟುಕೊಂಡರೆ ಮುಂದೆ ಗೆರೆ ಎಳೆದರಾಯಿತು. ನೀರಿನ ಜೊತೆ ಮೂತ್ರದ ಬಣ್ಣವನ್ನೂ ಬರೆಯುವುದು ಒಳ್ಳೆಯದು. ಬಿಸಿಲಲ್ಲಿ ಬೆವರಿದವರಿಗೆ ಎರಡು ಲೀಟರೂ ಕಡಿಮೆಯಾಗಬಹುದು, ಮೂತ್ರ ಗಾಢ ಹಳದಿಯಾಗಿದ್ದರೆ ಅದು ಅಲ್ಲೇ ತಿಳಿಯುತ್ತದೆ. ನೀರು ಎಷ್ಟು ಕುಡಿದರೆ ಅಷ್ಟು ಸಲೀಸು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸಾಕಷ್ಟು ಕುಡಿಯುತ್ತಿರುವವರು ಇನ್ನೂ ಎರಡು ಚೊಂಬು ಸೇರಿಸಿದರೆ ಹೆಚ್ಚಾಗಿ ಮೂತ್ರವೇ ಹೆಚ್ಚುತ್ತದೆ. ನೀರು ಕಡಿಮೆಯಾದವರಿಗೆ, ನಾರಿನ ಜೊತೆ ಕುಡಿದಾಗ, ಅದರ ಗುಣ ಕಾಣುತ್ತದೆ.

ಈಗ ದುಡಿಮೆಯ ಅಂಕಣ. ಈ ಸೀಮೆಯ ಹೊಗೆಸೊಪ್ಪು ಬ್ಯಾರನ್‌ನಲ್ಲಿ ಬೇಯಿಸುವ ವರ್ಜೀನಿಯಾ ಜಾತಿಯದು; ಪಿರಿಯಾಪಟ್ಟಣ, ಕಂಪಲಾಪುರ, ಹುಣಸೂರಿನ ಹರಾಜು ಕಟ್ಟೆಗಳಿಗೆ ಹೋಗುವುದು ಅದೇ. ಎಲೆ ಕೀಳುವ ಕಾಲ ಸರಿಯಾಗಿ ಮಳೆಗಾಲಕ್ಕೆ ಬೀಳುತ್ತದೆ. ಹಸಿ ಎಲೆಯ ನಿಕೋಟಿನ್ ನೀರಿನಲ್ಲಿ ಕರಗುವಂಥದ್ದು. ಎಲೆಯ ಮೇಲೆ ಇಬ್ಬನಿಯೋ ಮಳೆಹನಿಯೋ ಇದ್ದರೆ ಅದು ಆ ನೀರಿಗೆ ಇಳಿದು, ಕೈ, ತೋಳು, ನೆನೆದ ಸೀರೆ ಅಂಗಿಯ ಮೂಲಕ ಚರ್ಮದೊಳಗೆ ಸೇರುತ್ತದೆ. ಕೀಳುವವರು ಎಲೆಯ ಕಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು ಸಾಲು ಮುಗಿಸುತ್ತಾರೆ, ಆಗ ಮೈಯ ಒಂದು ಪಕ್ಕ ಪೂರ್ತಿ ಒದ್ದೆ. ಕೆಲವು ಗಂಟೆಗಳ ಮೇಲೆ, ಎಷ್ಟೋ ಸಲ ಮನೆಗೆ ಬಂದು ಮಲಗುವ ಹೊತ್ತಿಗೆ, ಹೊಟ್ಟೆ ತೊಳಸುವುದು, ವಾಂತಿ, ತಲೆಸುತ್ತು, ತಲೆನೋವು, ಸುಸ್ತು ಶುರುವಾಗುತ್ತದೆ. ಹೊಟ್ಟೆ ನುಲಿಯುವುದು, ಕೆಲವರಿಗೆ ಭೇದಿಯಾಗುವುದೂ ಇದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಹಸಿ ತಂಬಾಕಿನ ಕಾಯಿಲೆ ಎಂದು ವೈದ್ಯರು ಗುರುತಿಸಿರುವ ಇದು ತಂಬಾಕು ಬೆಳೆಯುವ ಬೇರೆ ದೇಶಗಳಲ್ಲೂ ಉಂಟು. ಸೇದುವ, ಅಗಿಯುವ ಅಭ್ಯಾಸವಿದ್ದವರ ಮೈ ನಿಕೋಟಿನ್‌ಗೆ ಒಗ್ಗಿರುವುದರಿಂದ ಅವರಿಗೆ ಸ್ವಲ್ಪ ಕಡಿಮೆ. ಯಾವ ಚಟವೂ ಇಲ್ಲದ ಹೆಂಗಸರಿಗೆ, ಎಳೆಯರಿಗೆ ಹೆಚ್ಚು. ಒಂದೇ ಹೊಲದಲ್ಲಿ ಕೆಲಸ ಮಾಡಿದ ಗಂಡನಿಗೆ ಏನೂ ಆಗದೆ ಹೆಂಡತಿಗೆ ಮಾತ್ರ ವಾಂತಿಯಾದಾಗ ಮನೆಯವರು ಅವಳ ಊಟದ ಕಡೆ ಬೆರಳು ತೋರಿಸುವುದಕ್ಕೆ ಇದೂ ಒಂದು ಕಾರಣ.

ದುಡಿಮೆಯ ಅಂಕಣ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ಇದು ವಿವರಿಸಲು ಕಟ್ಟಿಕೊಂಡ ಉದಾಹರಣೆ, ಯಾರೊಬ್ಬರದೂ ಅಲ್ಲ. ಬೆಟ್ಟದ ತಪ್ಪಲಿನ ಒಂದು ಮನೆ, ಸ್ವಂತ ಬ್ಯಾರನ್ ಇದೆ, ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಹುರುಳಿ ಸಾರು ಉಂಡರೆ ರಾತ್ರಿ ಹೊಟ್ಟೆ ತೊಳಸಿ ನುಲಿಯುತ್ತದೆ ಎಂಬುದು ಆಕೆಯ ದೂರು. ಇಪ್ಪತ್ತೆಂಟು ದಿನ ಬರೆದಾಗ ಕೆಟ್ಟ ರಾತ್ರಿಗಳು ಏಳು ಎಂದಿಟ್ಟುಕೊಳ್ಳಿ. ಹುರುಳಿ ಸಾರು ಉಂಡದ್ದು ಒಂಬತ್ತು ದಿನ, ಅವುಗಳಲ್ಲಿ ಮೂರು ಕೆಟ್ಟವು. ಉಣ್ಣದ ಹತ್ತೊಂಬತ್ತು ದಿನಗಳಲ್ಲಿ ನಾಲ್ಕು ಕೆಟ್ಟವು. ಮೂರಕ್ಕೆ ಒಂದು ಒಂದು ಕಡೆ, ಐದಕ್ಕೆ ಒಂದು ಇನ್ನೊಂದು ಕಡೆ. ಇಲ್ಲಿಗೆ ನಿಲ್ಲಿಸಿದರೆ ಹುರುಳಿಯ ಮೇಲೆ ಅನುಮಾನ ಉಳಿಯುತ್ತದೆ, ಆಕೆ ಅದನ್ನು ಬಿಟ್ಟೂ ಬಿಡುತ್ತಾಳೆ. ಈಗ ಒದ್ದೆ ಎಲೆ ಕಿತ್ತ ದಿನಗಳನ್ನು ನೋಡೋಣ. ಅವು ಎಂಟು, ಅವುಗಳಲ್ಲಿ ಆರು ರಾತ್ರಿ ಕೆಟ್ಟವು. ಕೀಳದ ಇಪ್ಪತ್ತು ದಿನಗಳಲ್ಲಿ ಕೆಟ್ಟದ್ದು ಒಂದೇ. ಹಾಗಾದರೆ ಹುರುಳಿ ಹೇಗೆ ಸಿಕ್ಕಿಕೊಂಡಿತು? ಎಲೆ ಕೀಳುವ ದಿನ ಆಳುಗಳಿಗೂ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಅಡುಗೆಯಾಗುತ್ತದೆ, ದುಡಿಯುವವರಿಗೆ ಗಟ್ಟಿ ಊಟವೆಂದು ಹುರುಳಿ ಬೇಯುತ್ತದೆ. ಒಂಬತ್ತು ಹುರುಳಿ ದಿನಗಳಲ್ಲಿ ನಾಲ್ಕು ಎಲೆ ಕಿತ್ತ ದಿನಗಳೇ, ಆ ಮೂರೂ ಕೆಟ್ಟ ರಾತ್ರಿಗಳು ಬಂದದ್ದು ಆ ನಾಲ್ಕರಲ್ಲೇ. ಹೊಲಕ್ಕೆ ಹೋಗದೆ ಹುರುಳಿ ಉಂಡ ಐದು ದಿನಗಳಲ್ಲಿ ಒಂದು ರಾತ್ರಿಯೂ ಕೆಡಲಿಲ್ಲ. ಹುರುಳಿ ಉಣ್ಣದೆ ಎಲೆ ಕಿತ್ತ ನಾಲ್ಕು ದಿನಗಳಲ್ಲಿ ಮೂರು ಕೆಟ್ಟವು. ಸಾರು ಎಲೆಯ ಜೊತೆಗೆ ಬಂದ ನೆಂಟ, ಅಷ್ಟೇ.

ಈ ಲೆಕ್ಕದಲ್ಲಿ ಹೆಚ್ಚು ಕೆಲಸ ಮಾಡಿದ್ದು ಏನೂ ಆಗದ ದಿನಗಳು ಎಂಬುದನ್ನು ಗಮನಿಸಬೇಕು. ಹುರುಳಿ ಉಂಡು ನೆಮ್ಮದಿಯಾಗಿ ಮಲಗಿದ ಐದು ರಾತ್ರಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ನೋವಿನ ರಾತ್ರಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಹೊಟ್ಟೆ ಕೆಟ್ಟ ದಿನ ಮಾತ್ರ ಪುಸ್ತಕ ತೆಗೆದು ಬರೆಯುವ ದಿನಚರಿ ದಿನಚರಿಯೇ ಅಲ್ಲ. ತೊಂದರೆಯಾದ ಮೇಲೆ ‘ಏನು ತಿಂದೆ’ ಎಂದು ನೆನಪಿಸಿಕೊಂಡು ಬರೆದ ಊಟದ ಸಾಲಿಗೂ ಬೆಲೆ ಕಡಿಮೆ, ಏಕೆಂದರೆ ಅನುಮಾನದ ಪದಾರ್ಥವೇ ಮೊದಲು ನೆನಪಾಗುತ್ತದೆ. ಉಂಡ ತಕ್ಷಣ, ಫಲ ಗೊತ್ತಾಗುವ ಮೊದಲೇ ಬರೆದಿರಬೇಕು.

ಅದೇ ಪುಸ್ತಕದಲ್ಲಿ ಇನ್ನೊಂದು ಬಗೆಯ ತೊಂದರೆಯೂ ಬಯಲಾಗಬಹುದು. ಎಲೆ ಕೀಳುವ ದಿನ ಬೆಳಕು ಹರಿಯುವ ಮೊದಲೇ ಹೊರಡುವ ಗಡಿಬಿಡಿ, ಬೆಳಗಿನ ಒತ್ತಡ ಬಂದರೂ ಆಮೇಲೆ ನೋಡೋಣ ಎಂದು ತಡೆಯುವುದು. ಹೊಲದಲ್ಲಿ ಹೆಂಗಸರಿಗೆ ಮರೆಯಿಲ್ಲ, ಹಾಗಾಗಿ ಮೂತ್ರಕ್ಕೆ ಹೋಗುವ ಕಷ್ಟ ತಪ್ಪಿಸಲು ನೀರೇ ಕುಡಿಯುವುದಿಲ್ಲ. ತಡೆದ ಮಲ ಕರುಳಿನಲ್ಲಿ ನಿಂತಷ್ಟು ಹೊತ್ತೂ ಅದರ ನೀರು ಹೀರಿಹೋಗುತ್ತದೆ. ಎರಡು ದಿನ ಒಂದೇ ಸಮನೆ ಹೊಲವಾದರೆ ಮೂರನೆಯ ದಿನದ ಸಾಲಿನಲ್ಲಿ ಒಂದು, ಎರಡು ಎಂಬ ಅಂಕಿ ಕಾಣಿಸಿಕೊಳ್ಳುತ್ತದೆ. ಆಮೇಲೆ ರಜೆಯ ದಿನ ಇದ್ದಕ್ಕಿದ್ದಂತೆ ಮೊದಲು ಗಟ್ಟಿ, ಹಿಂದೆಯೇ ಆರು, ಏಳು. ಅದನ್ನಷ್ಟೇ ನೋಡಿದವರು ಭೇದಿ ಎಂದುಕೊಂಡು ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗುತ್ತಾರೆ, ಕಟ್ಟಿಕೊಂಡ ಹೊಟ್ಟೆ ಮತ್ತಷ್ಟು ಕಟ್ಟುತ್ತದೆ. ವಾರದ ಸಾಲು ಕಣ್ಣಮುಂದಿದ್ದರೆ ಆ ನೀರುಮಲ ನಾಲ್ಕು ದಿನದ ಮಲಬದ್ಧತೆಯ ಬಾಲ ಎಂಬುದು ತಿಳಿಯುತ್ತದೆ. ಇದಕ್ಕೆ ಬೇಕಾದದ್ದು ಬೆಳಗಿನ ಹತ್ತು ನಿಮಿಷ, ಹೊಲದಲ್ಲಿ ಒಂದು ಮರೆ. ಆಳುಗಳಿಗೆ ಊಟ ಹಾಕುವ ಮನೆ ನಾಲ್ಕು ಗೂಟ ನೆಟ್ಟು ಹಳೆಯ ಟಾರ್ಪಾಲು ಸುತ್ತಿದರೆ ಆ ಮರೆ ಆಗುತ್ತದೆ. ಇದನ್ನು ಹೆಂಗಸರ ಹೊಟ್ಟೆಯ ದೌರ್ಬಲ್ಯವೆಂದು ಕರೆಯುವುದು ಅನ್ಯಾಯ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹತ್ತು ಹದಿನೈದು ವಿಷಯ ಬರೆಯುತ್ತ ಹೋದರೆ ಯಾವುದಾದರೂ ಒಂದು ಕೆಟ್ಟ ದಿನಗಳ ಜೊತೆ ಆಕಸ್ಮಿಕವಾಗಿ ಹೊಂದಿಕೊಳ್ಳದೆ ಇರುವುದಿಲ್ಲ, ಒಂದು ತಿಂಗಳು ಏನನ್ನೂ ಸಾಬೀತು ಮಾಡಲು ಸಾಲದು ಎಂದು ಹೇಳಬಹುದು. ಒಪ್ಪಬೇಕಾದ ಮಾತು. ದಿನಚರಿ ತೀರ್ಪು ಕೊಡುವುದಿಲ್ಲ, ಯಾರನ್ನು ವಿಚಾರಿಸಬೇಕು ಎಂದು ಹೇಳುತ್ತದೆ. ವಿಚಾರಣೆ ಅದರ ಮುಂದಿನ ಎರಡು ವಾರದ್ದು: ಒಂದನ್ನು, ಒಂದನ್ನೇ, ಬದಲಾಯಿಸಿ ಉಳಿದದ್ದೆಲ್ಲ ಹಾಗೇ ಇಟ್ಟು ನೋಡುವುದು. ಮೇಲಿನ ಉದಾಹರಣೆಯಲ್ಲಿ ಹುರುಳಿಯನ್ನು ಬಿಡದೆ ಉಣ್ಣುತ್ತಲೇ, ಇಬ್ಬನಿ ಆರಿದ ಮೇಲೆ ಎಲೆಗೆ ಕೈ ಹಾಕುವುದು, ಮಳೆ ಹಿಡಿದ ದಿನ ತೋಳು ಮುಚ್ಚುವ ಅಂಗಿಯ ಮೇಲೆ ರೈನ್‌ಕೋಟು, ಕೈಗೆ ನೀರು ಇಳಿಯದ ಗವಸು ಹಾಕುವುದು, ಒದ್ದೆ ಬಟ್ಟೆ ಬದಲಿಸಿ ಸೋಪಿನಿಂದ ಮೈ ತೊಳೆದೇ ಊಟಕ್ಕೆ ಕೂರುವುದು. ಇವೆಲ್ಲ ಸೇರಿ ಮಾಡುವುದು ಒಂದೇ ಬದಲಾವಣೆ, ಎಲೆಯ ನೀರು ಮೈಗೆ ತಾಗದಂತೆ ತಡೆಯುವುದು. ಕೆಟ್ಟ ರಾತ್ರಿಗಳು ಇಳಿದರೆ ಅನುಮಾನ ಗಟ್ಟಿಯಾಯಿತು. ಇಳಿಯದಿದ್ದರೆ ಪುಸ್ತಕದ ಎರಡನೆಯ ಅನುಮಾನಕ್ಕೆ ಹೋಗಬೇಕು, ಅದು ಹಾಲಾಗಿದ್ದರೆ ಹಾಲನ್ನು ಎರಡು ವಾರ ಬಿಟ್ಟು ಮತ್ತೆ ಕುಡಿದು ನೋಡಬೇಕು. ಮತ್ತೆ ಕುಡಿದು ನೋಡುವ ಭಾಗವನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಒಂದು ಸಲ ಪಥ್ಯಕ್ಕೆ ಸೇರಿದ ಪದಾರ್ಥ ಆಯುಷ್ಯವಿಡೀ ಪಥ್ಯದಲ್ಲೇ ಉಳಿಯುವುದು ಹಾಗೆ. ಇನ್ನು ತಿಂಗಳೇ ಏಕೆಂದರೆ, ಮುಟ್ಟಿನ ಒಂದು ಸುತ್ತು ಅದರೊಳಗೆ ಬರುತ್ತದೆ. ಮುಟ್ಟಿನ ಮೊದಲ ದಿನಗಳಲ್ಲಿ ಮಲ ಸಡಿಲವಾಗುವುದು ಅನೇಕರಿಗೆ ಸಹಜ. ಎರಡೇ ವಾರ ಬರೆದವರು ಅದನ್ನು ಯಾವುದೋ ಊಟದ ಖಾತೆಗೆ ಬರೆದುಕೊಂಡುಬಿಡಬಹುದು.

ದಿನಾ ಮಲವನ್ನು ನೋಡಿ ಬರೆಯುತ್ತ ಕೂತರೆ ಇಲ್ಲದ ರೋಗ ಮನಸ್ಸಿಗೆ ಹತ್ತುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದೂ ಸುಳ್ಳಲ್ಲ. ಕರುಳಿಗೂ ಮನಸ್ಸಿಗೂ ನರಗಳ ನಂಟಿದೆ, ಹೊಟ್ಟೆಯ ಮೇಲೆ ಸದಾ ಗಮನವಿಟ್ಟರೆ ಸಣ್ಣ ಸೆಳೆತವೂ ನೋವಾಗಿ ಕಾಣಬಹುದು. ಆದ್ದರಿಂದ ಇಪ್ಪತ್ತೆಂಟನೆಯ ದಿನ ಪುಸ್ತಕ ಮುಚ್ಚಲೇಬೇಕು, ನಡುವೆ ಹಿಂದಿನ ಪುಟ ತಿರುವಿ ಅರ್ಥ ಹುಡುಕಬಾರದು. ಬರೆಯುವುದರಿಂದ ಆತಂಕ ಹೆಚ್ಚುತ್ತಿದೆ ಅನ್ನಿಸಿದರೆ, ಊಟ ಕಡಿಮೆಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸುವುದು ಸರಿ. ನಮ್ಮ ಹಳ್ಳಿಯವರಿಗೆ ಇಷ್ಟೆಲ್ಲ ಬರೆಯಲು ಬರುತ್ತದೆಯೇ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಆಳಿನ ಲೆಕ್ಕ, ಬ್ಯಾರನ್‌ಗೆ ಏರಿಸಿದ ಕಡ್ಡಿಗಳ ಲೆಕ್ಕ ಇಡುವ ಮನೆಗಳು ಇವು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಮಲದ ಅಂಕಿ, ಒದ್ದೆ ಎಲೆ ಕಿತ್ತ ದಿನಕ್ಕೆ ಒಂದು ಚುಕ್ಕೆ, ಕೆಟ್ಟ ರಾತ್ರಿಗೆ ಒಂದು ಕತ್ತರಿ ಗುರುತು ಹಾಕಿದರೂ ಮೇಲಿನ ಲೆಕ್ಕದ ಮುಖ್ಯ ಭಾಗ ಸಿಗುತ್ತದೆ. ಎಲ್ಲರ ಕಣ್ಣಿಗೆ ಬೀಳುವುದು ಮುಜುಗರವಾದರೆ ಅಂಕಿಯ ಅರ್ಥ ಬರೆದವರಿಗೆ ಮಾತ್ರ ಗೊತ್ತಿದ್ದರಾಯಿತು.

ದಿನಚರಿ ಕಾಯಬಹುದಾದ ತೊಂದರೆಗೆ ಮಾತ್ರ. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಪ್ರಯತ್ನಿಸದೆ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಡದ ಜ್ವರ, ರಕ್ತಹೀನತೆ, ನಲವತ್ತೈದು ಐವತ್ತು ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ಕ್ರಮ, ಮನೆತನದಲ್ಲಿ ದೊಡ್ಡಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ತಿಂಗಳು ಬರೆಯುತ್ತ ಕೂರದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೊಲಕ್ಕೆ ಔಷಧಿ ಹೊಡೆದ ದಿನ ಹೊಟ್ಟೆ ನುಲಿತ, ಭೇದಿಯ ಜೊತೆ ಬಾಯಲ್ಲಿ ನೀರೂರುವುದು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ ಕಂಡರೆ ಅದು ಹಸಿ ಎಲೆಯದೆಂದು ಕಾಯುವಂತಿಲ್ಲ. ಕೀಟನಾಶಕದ ವಿಷವಿರಬಹುದು, ಡಬ್ಬಿಯ ಲೇಬಲ್ ಸಮೇತ ಆ ಗಳಿಗೆಯಲ್ಲೇ ಆಸ್ಪತ್ರೆ ಸೇರಬೇಕು. ಮನೆಯ ಮೂರು ನಾಲ್ಕು ಜನಕ್ಕೆ ಒಂದೇ ದಿನ ಭೇದಿಯಾದರೆ ಒಬ್ಬರ ಊಟದ ಸಾಲಿಗಿಂತ ಮೊದಲು ನೋಡಬೇಕಾದದ್ದು ಮಳೆಯ ಹೊಸ ನೀರು ಸೇರಿದ ಟ್ಯಾಂಕು.

ವೈದ್ಯರ ಬಳಿ ಹೋಗುವಾಗ ಇಡೀ ಪುಸ್ತಕ ಓದಿಸುವ ಬದಲು ಒಂದು ಪುಟ ಮಾಡಿಕೊಂಡು ಹೋದರೆ ಅನುಕೂಲ. ಇಪ್ಪತ್ತೆಂಟು ದಿನದಲ್ಲಿ ಒಂದನೆಯ, ಎರಡನೆಯ ರೂಪ ಎಷ್ಟು ದಿನ, ಆರು ಏಳು ಎಷ್ಟು ದಿನ, ಹೊಟ್ಟೆನೋವು ಎಷ್ಟು ದಿನ, ಒದ್ದೆ ಎಲೆ ಎಷ್ಟು ದಿನ, ಆ ದಿನಗಳಲ್ಲಿ ಕೆಟ್ಟವು ಎಷ್ಟು. ಕೆರಳುವ ಕರುಳಿನ ತೊಂದರೆಯನ್ನು ವೈದ್ಯರು ಗಟ್ಟಿ ಬಗೆ, ಸಡಿಲ ಬಗೆ, ಬೆರಕೆ ಬಗೆ ಎಂದು ವಿಂಗಡಿಸುವುದು ಇಂಥ ಎಣಿಕೆಯಿಂದಲೇ, ಒಂದೊಂದು ಬಗೆಗೆ ಔಷಧಿಯೂ ಬೇರೆ. ಅದೇ ಪುಟದ ಕೆಳಗೆ ಆ ತಿಂಗಳು ನುಂಗಿದ ಎಲ್ಲ ಮಾತ್ರೆಗಳ ಹೆಸರಿರಲಿ, ಊರಿನಲ್ಲಿ ಕೊಟ್ಟ ನಾಟಿ ಔಷಧಿಯೂ ಸೇರಿ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ, ಕೆಲವರಿಗೆ ಗಟ್ಟಿಯೂ ಮಾಡುತ್ತದೆ. ಅದನ್ನು ಶುರು ಮಾಡಿದ ತಾರೀಕು ಪುಟದಲ್ಲಿದ್ದರೆ, ಕಪ್ಪು ಕಂಡದ್ದು ಅದಕ್ಕೂ ಮೊದಲೋ ಆಮೇಲೋ ಎಂದು ವೈದ್ಯರು ನೋಡಿದ ಕೂಡಲೇ ತಿಳಿಯಬಹುದು.